ತಡ ಆದ ಕೂಲಿ, ನಾವು ಸರ್ಕಾರಕ್ಕ ಕೊಟ್ಟ ಕೈಗಡ

ಅಕ್ಕಂದಿರೇ, ತಂಗೇರೇ, ಈ ವಾರ ಅಡಿಗಿ ಮಾತು ಬ್ಯಾಡ. ರೊಕ್ಕದ ಮಾತು ಆಡೋಣ.

ಖಾತ್ರಿ ಕೆಲಸದ ಕೂಲಿ ತಡ ಆತಂದ್ರ ಎಲ್ಲಾರೂ "ಬಾಕಿ ಅದ" ಅಂತಾರ. ನಾ ಅದಕ್ಕ ಬಾಕಿ ಅನ್ನಂಗಿಲ್ಲ, ಕೈಗಡ ಅಂತೀನಿ. ಬಿಸಲಾಗ ಮಣ್ಣು ಹೊತ್ತು ಕೆಲಸ ಮುಗಿಸಿದ ಹೆಣ್ಮಗಳ ಕಡಿಂದ, ಆಕಿನ್ನ ಒಂದ್ ಮಾತು ಕೇಳದೇ ತಗೊಂಡ ಕೈಗಡ ಅದು. ಕೈಗಡ ಕೊಟ್ಟಾಕಿ ಕೈ ಮುಗದು ನಿಂದ್ರಬೇಕು, ತಗೊಂಡವರು ಕುರ್ಚಿ ಮ್ಯಾಲ ಕುಂತು "ತಡೀರಿ, ಬರ್ತಾದ" ಅನ್ನಬೇಕು. ಇದು ಯಾವ ನ್ಯಾಯ ಹೇಳ್ರಿ?

ತವರೂರಿನ ಕಡಿ ಸಂಬಂಧದಾಗ ನನಗ ತಂಗಿ ಆಗಬೇಕಾದಾಕಿ ಒಬ್ಬಾಕಿ 2025ರ ಏಪ್ರಿಲ್‌ದಾಗ ಕೆರಿ ಹೂಳು ತೆಗಿಯೋ ಕೆಲಸಕ್ಕ ಹೋಗಿದ್ಲು. ಊರು, ತಾಲೂಕು ಯಾವುದಂತ ಬರಿಯಂಗಿಲ್ಲ. ನಾಳೆನೂ ಆಕಿ ಅಲ್ಲೇ ಹೋಗಿ ಕೆಲಸ ಕೇಳಬೇಕಲ್ಲ. ಜೂನ್ 12 ಆದ್ರೂ ಕೂಲಿ ಬಂದಿದ್ದಿಲ್ಲ. "ಅಕ್ಕ, ನೀ ಪಿಯುಸಿ ತನ ಓದೀದಿ, ಸಾಹೇಬರಿಗೆ ಒಂದ್ ಅರ್ಜಿ ಬರ್ದು ಕೊಡು" ಅಂತ ಶಹಾಪುರಕ್ಕ ನಮ್ಮ ಮನಿಗೆ ಬಂದ್ಲು. ಊರಾಗ ಯಾರೋ ಬರ್ಕೊಟ್ಟ ಒಂದ್ ಅರ್ಜಿ ಕೈಯಾಗಿತ್ತು. ಅದರಾಗ "ತಾವು ದಯಾಳುಗಳು, ನಾವು ಕಡುಬಡವರು, ದಯಮಾಡಿ ಕೂಲಿ ಹಣ ಕೊಡಿಸಬೇಕಾಗಿ ಪಾದಕ್ಕೆರಗಿ ಬೇಡಿಕೊಳ್ಳುತ್ತೇವೆ" ಅಂತ ಇತ್ತು. ಓದಿ ನನ್ನ ಹೊಟ್ಟಿ ಉರೀತು. ಇಡೀ ಹಾಳ್ಯಾಗ ಒಂದ್ ತಾರೀಖು ಇಲ್ಲ! ಇಂಥ ಅರ್ಜಿ ತಗೊಂಡವರು "ನೋಡೋಣವ್ವಾ" ಅಂದ್ರ ಮುಗೀತು. ದಯಕ್ಕ ಗಡುವು ಇರಂಗಿಲ್ಲ, ಕೂಲಿಗೆ ಅದ.

ಉದ್ಯೋಗ ಖಾತ್ರಿ ಕಾಯ್ದೆ 2005ರದ್ದು. 2006ರ ಫೆಬ್ರವರಿದಾಗ ಮೊದಲನೇ ಹಂತದಾಗೇ ನಮ್ಮ ಜಿಲ್ಲಾಕ್ಕ ಬಂತು. ಆವಾಗ ಯಾದಗಿರಿ ಇನ್ನಾ ಬ್ಯಾರೆ ಜಿಲ್ಲಾ ಆಗಿದ್ದಿಲ್ಲ, ನಾವೆಲ್ಲಾ ಗುಲ್ಬರ್ಗಾದೊಳಗೇ ಇದ್ವಿ. ಕೂಲಿ ವಾರಕ್ಕೊಮ್ಮೆ ಕೊಡಬೇಕು, ಹೆಚ್ಚಂದ್ರ ಹದಿನೈದು ದಿನದಾಗ ಕೊಡಬೇಕು ಅಂತ ಅವತ್ತೇ ಬರ್ದಾರ. ತಡ ಆದ್ರ ಹದಿನಾರನೇ ದಿನದಿಂದ, ದಿನಕ್ಕ ನೂರು ರೂಪಾಯಿಗೆ ಐದು ಪೈಸಾದಂಗ ಪರಿಹಾರ ಕೊಡಬೇಕು. ಅಂದ್ರ ತಿಂಗಳಿಗೆ ನೂರಕ್ಕ ಒಂದೂವರಿ ರೂಪಾಯಿ ಆತು.

ಅದಕ್ಕ ಆಕಿಗೆ ಹೇಳ್ದೆ, ಬಡತನ ಬರಿಯೋದು ಬ್ಯಾಡ ತಂಗಿ, ನಾಲ್ಕು ತಾರೀಖು ಬರಿಯೋಣು ಅಂತ. ಕೂಲಿ ರೊಕ್ಕ ನಾಲ್ಕು ಹೊಸ್ತಿಲು ದಾಟಿ ಬರ್ತಾದ. ಒಂದನೇದು, ಹಾಜರಿ ಪಟ್ಟಿ ಮುಗಿದ ದಿನ. ಎರಡನೇದು, ಇಂಜಿನಿಯರ್ರು ಬಂದು ತಗ್ಗು ಅಳತಿ ಮಾಡಿ ಪುಸ್ತಕದಾಗ ಬರ್ದ ದಿನ. ಮೂರನೇದು, ಕೂಲಿ ಪಟ್ಟಿ ಮಾಡಿ ರೊಕ್ಕ ಬಿಡ್ರಿ ಅನ್ನೋ ಆದೇಶಕ್ಕ ಕಂಪ್ಯೂಟರ್‌ದಾಗ ಎರಡನೇ ಸಹಿ ಬಿದ್ದ ದಿನ. ಈ ಆದೇಶಕ್ಕೇ ಎಫ್‌ಟಿಓ ಅಂತಾರ. ಅಲ್ಲಿಂದ ಮುಂದ ಅದು ದಿಲ್ಲಿಗೆ ಹೋಗ್ತಾದ, ಅಲ್ಲಿಂದ ರೊಕ್ಕ ನೇರ ಬ್ಯಾಂಕಿಗೆ ಬರ್ತಾದ. ನಾಲ್ಕನೇದು, ರೊಕ್ಕ ಖಾತೆಗೆ ಬಿದ್ದ ದಿನ.

ಈ ತಾರೀಖೆಲ್ಲಾ ಗುಟ್ಟಿನವೇನಲ್ಲ. ಜಾಬ್ ಕಾರ್ಡ್ ನಂಬರ್ ಹಾಕಿದ್ರ ಯೋಜನೆಯ ಜಾಲತಾಣದಾಗೇ ಕಾಣ್ತಾವ. ನಮ್ಮ ಓಣಿಯ ಕಾಲೇಜಿಗೆ ಹೋಗೋ ಹುಡುಗ ಮೊಬೈಲ್‌ದಾಗ ತಗದು ತೋರಿಸಿದ. ಹಾಜರಿ ಮುಗಿದಿದ್ದು ಏಪ್ರಿಲ್ 12. ಅಳತಿ ಆಗಿದ್ದು 15. ಎರಡನೇ ಸಹಿ 20. ಮುಂದ ಖಾಲಿ.

ಇಲ್ಲೇ ನೋಡ್ರಿ ನಮಗ ಒಂದ್ ವಿಷಯ ಗೊತ್ತಾಗಿದ್ದು. ಎರಡು ತಿಂಗಳಿಂದ ಊರ ಮಂದಿ ಎಲ್ಲಾ ಬೈತಿದ್ದಿದ್ದು ಪಂಚಾಯತಿಯವರಿಗೆ. ಆದ್ರ ಅವರು ಎಂಟು ದಿನದಾಗ ತಮ್ಮ ಕೆಲಸ ಮುಗಿಸ್ಯಾರ. ರೊಕ್ಕ ನಿಂತಿದ್ದು ಅದರ ಮುಂದ. ತಾರೀಖು ನೋಡ್ಲಿಲ್ಲಂದ್ರ ಯಾರಿಗೋ ಸಿಗಬೇಕಾದ ಬೈಗುಳ ಯಾರಿಗೋ ಸಿಗ್ತಾವ.

ಇನ್ನೊಂದು ಅದ. ಆಕಿ ಹೆಸರಿನ ಮುಂದ ತಡ ಆದ ದಿನ ಸೊನ್ನೆ, ಪರಿಹಾರ ಸೊನ್ನೆ ಅಂತ ಇತ್ತು. ಯಾಕಂದ್ರ ಆ ಲೆಕ್ಕ ಎರಡನೇ ಸಹಿಗೇ ನಿಂತ್ ಬಿಟ್ಟಾದ. ಸಹಿ ಬಿತ್ತು, ಕೂಲಿ ಮುಟ್ಟಿದಂಗೇ ಆತು! ನಾ ಒಲಿ ಮ್ಯಾಲ ಹೆಂಚಿಟ್ಟು "ರೊಟ್ಟಿ ಆದ್ವು, ಎಲ್ಲಾರೂ ಉಂಡ್ರು" ಅಂದಂಗ ಇದು. ಇದೇ ವಿಷಯಕ್ಕ ಸ್ವರಾಜ್ ಅಭಿಯಾನದವರು ಸುಪ್ರೀಂ ಕೋರ್ಟಿಗೆ ಹೋಗಿದ್ರು. ಸಹಿ ಆದ ಮ್ಯಾಲಿನ ತಡಾನೂ ತಡಾನೇ, ಕೇಂದ್ರ ಸರ್ಕಾರ ಅದರಿಂದ ಕೈ ತೊಳ್ಕೊಳ್ಳಾಕ ಬರಂಗಿಲ್ಲ, ರೊಕ್ಕ ಕೂಲಿಯವರ ಖಾತೆಗೆ ಬೀಳೋತನಕ ಎಣಿಸಬೇಕು ಅಂತ ಕೋರ್ಟು 2018ರ ಮೇ 18ಕ್ಕ ತೀರ್ಪು ಕೊಟ್ಟಾದ.

ಹಂಗಾರ ಆಕಿ ಲೆಕ್ಕ ಮಾಡೋಣು. ದಿನಕ್ಕ 370 ರೂಪಾಯಿ, ಆರು ದಿನಕ್ಕ 2220. ಹದಿನೈದು ದಿನದ ಗಡುವು ಏಪ್ರಿಲ್ 27ಕ್ಕ ಮುಗೀತು. 28ರಿಂದ ಜೂನ್ 12ರ ತನಕ 46 ದಿನ. ದಿನಕ್ಕ 1 ರೂಪಾಯಿ 11 ಪೈಸಾದಂಗ 51 ರೂಪಾಯಿ 6 ಪೈಸಾ ಪರಿಹಾರ ಆಗ್ತಾದ. ಈಗ ಆಕಿ ಮನಿ ಲೆಕ್ಕ ಕೇಳ್ರಿ. ಕೂಲಿ ಬರಲಿಲ್ಲಂತ ಕಿರಾಣಿ ಉದ್ರಿ ತೀರ್ಸಾಕ, ಹತ್ತಿ ಬೀಜಕ್ಕ ಸಾವ್ಕಾರನ ಹತ್ರ 2000 ತಂದಾಳ. ನೂರಕ್ಕ ಮೂರರ ಬಡ್ಡಿ, ಎರಡು ತಿಂಗಳಿಗೆ 120. ಸರ್ಕಾರ ಪೂರಾ ಪರಿಹಾರ ಕೊಟ್ರೂ ಆಕಿಗೆ ಎಪ್ಪತ್ತು ರೂಪಾಯಿ ಹತ್ರ ಲುಕ್ಸಾನ. ಅದೂ ಸೊನ್ನೆ ಆದ್ರ, ದುಡದಿದ್ದಕ್ಕ ಆಕಿನೇ ದಂಡ ಕಟ್ಟಿದಂಗ ಆತು.

ಆಮ್ಯಾಲ ಇಬ್ರೂ ಕುಂತು ಬರ್ದ ಅರ್ಜಿ ಇದು. ಹೆಸರು, ಊರು, ನಂಬರ್ ತಗದು ಹಾಕೀನಿ. ಬೇಕಾದವರು ಬರ್ಕೋರಿ.

"ಕಾರ್ಯಕ್ರಮ ಅಧಿಕಾರಿಗಳಿಗೆ, ತಾಲೂಕು ಪಂಚಾಯತ್.

ವಿಷಯ: ಮುಗಿಸಿದ ಕೆಲಸದ ಕೂಲಿ 2220 ರೂಪಾಯಿ ಮತ್ತು ವಿಳಂಬ ಪರಿಹಾರದ ಬಗ್ಗೆ ದೂರು.

ನಾನು 2025ರ ಏಪ್ರಿಲ್ 7ರಿಂದ 12ರವರೆಗೆ ಆರು ದಿನ ಕೆರೆ ಹೂಳೆತ್ತುವ ಕೆಲಸ ಮಾಡಿದ್ದೇನೆ. ಜಾಬ್ ಕಾರ್ಡ್, ಹಾಜರಿ ಪಟ್ಟಿ ಮತ್ತು ಎಫ್‌ಟಿಓ ಸಂಖ್ಯೆಗಳನ್ನು ಕೆಳಗೆ ಬರೆದಿದ್ದೇನೆ. ಅಳತೆ 15ಕ್ಕೆ ಆಗಿದೆ, ಎರಡನೇ ಸಹಿ 20ಕ್ಕೆ ಆಗಿದೆ. ಜೂನ್ 12ರವರೆಗೆ ನನ್ನ ಖಾತೆಗೆ ಹಣ ಬಂದಿಲ್ಲ. ಪಾಸ್‌ಬುಕ್ಕಿನ ನಕಲು ಇಟ್ಟಿದ್ದೇನೆ.

ಕಾಯ್ದೆಯ 3ನೇ ಕಲಂ ಪ್ರಕಾರ ನನ್ನ ಕೂಲಿ ಏಪ್ರಿಲ್ 27ರೊಳಗೆ ಬರಬೇಕಿತ್ತು. 15ನೇ ಕಲಂ ಪ್ರಕಾರ ಕೂಲಿ ಸಮಯಕ್ಕೆ ಸಿಗುವಂತೆ ನೋಡುವುದು ತಮ್ಮ ಕರ್ತವ್ಯ. ಆದ್ದರಿಂದ ನಾನು ಮೂರು ಕೇಳುತ್ತೇನೆ. ಹಣ ಈಗ ಎಲ್ಲಿ ನಿಂತಿದೆ ಎಂದು ಬರೆದು ತಿಳಿಸಿರಿ. ಏಪ್ರಿಲ್ 28ರಿಂದ ಹಣ ಬೀಳುವ ದಿನದವರೆಗೆ ಪರಿಹಾರ ಲೆಕ್ಕ ಹಾಕಿರಿ, ಕೊಡಲು ಬರುವುದಿಲ್ಲವೆಂದರೆ ಕಾರಣವನ್ನು ಬರೆದು ಕೊಡಿರಿ. ಈ ದೂರನ್ನು 23ನೇ ಕಲಂ ಪ್ರಕಾರ ದೂರು ಪುಸ್ತಕದಲ್ಲಿ ದಾಖಲಿಸಿ ಏಳು ದಿನದೊಳಗೆ ಇತ್ಯರ್ಥ ಮಾಡಿರಿ."

ಇಷ್ಟೇ. ಕಡೀಗೆ ಸಹಿ. "ದಯಮಾಡಿ" ಒಂದೂ ಇಲ್ಲ, ಬೈಗುಳಾನೂ ಇಲ್ಲ.

ಸಾಹೇಬರು ಏನಂತಾರಂತ ಎಲ್ಲಾರಿಗೂ ಗೊತ್ತದ. "ದಿಲ್ಲಿಯಿಂದಾನೇ ರೊಕ್ಕ ಬಂದಿಲ್ಲಮ್ಮ, ನಮ್ಮ ಕೈಯಾಗ ಏನದ?" ಖರೇ ಮಾತು. ರೊಕ್ಕ ಬಿಡೋದು ಅವರ ಕೈಯಾಗ ಇಲ್ಲ, ಅದಕ್ಕ ಅವರ ಮ್ಯಾಲ ಜಗಳಾ ತಗದು ಉಪಯೋಗ ಇಲ್ಲ. ಆದ್ರ ಬರಿಯೋದು ಅವರ ಕೈಯಾಗ ಅದ. ಬ್ಯಾರೆಯವರು ಬಗೆಹರಿಸೋ ವಿಷಯ ಆಗಿದ್ರ ದೂರನ್ನ ಅವರಿಗೆ ಕಳಿಸಿ, ಕಳಿಸೀವಂತ ದೂರು ಕೊಟ್ಟಾಕಿಗೆ ತಿಳಿಸಬೇಕು ಅಂತ ಅದೇ 23ನೇ ಕಲಂದಾಗ ಅದ. ಪರಿಹಾರ ಮಂಜೂರು ಮಾಡೋದು, ಬ್ಯಾಡಂತ ಹೊಡದು ಹಾಕೋದೂ ಇವರ ಮಟ್ಟದಾಗೇ. "ದಿಲ್ಲಿಯಿಂದ ಬಂದಿಲ್ಲ" ಅನ್ನೋದನ್ನ ಬಾಯಿಲೆ ಹೇಳಿದ್ರ ಅದು ನೆಪ, ಬರ್ದು ಸಿಕ್ಕಾ ಹಾಕಿ ಕೊಟ್ರ ಸಾಕ್ಷಿ. ನೆಪ ಕೇಳಿ ಹೊಳ್ಳಿ ಬರಬ್ಯಾಡ್ರಿ.

ನಮ್ಮಂಥ ಪ್ಯಾಟಿ ಹೆಣ್ಮಕ್ಕಳಿಗೂ ಒಂದ್ ಮಾತು ಅದ. "ಖಾತ್ರ್ಯಾಗ ಕುಂತು ಕೂಲಿ ತಗೋತಾರ" ಅಂತ ನಾವೇ ಕಟ್ಟಿ ಮ್ಯಾಲ ಕುಂತು ಆಡ್ತೀವಿ. ದಿನಕ್ಕ ಎರಡು ಸಲ ಮೊಬೈಲ್‌ದಾಗ ಫೋಟೋ ಹೊಡದು ಹಾಜರಿ ಹಾಕ್ತಾರ, ಮ್ಯಾಲ ತಗ್ಗಿನ ಅಳತಿ ತಗೋತಾರ. ಎಷ್ಟು ಮಣ್ಣು ತೆಗದ್ರೋ ಅಷ್ಟಕ್ಕ ಕೂಲಿ. ಅಳತಿ ಕಡಿಮಿ ಬಂದ್ರ ಕೂಲಿ ಪೂರಾ ಸಿಗಂಗಿಲ್ಲ. ಆಕಿ ಮಣ್ಣಿನ ಅಳತಿ ತಗೊಳ್ಳಾಕ ಟೇಪು ಅದ, ಸರ್ಕಾರ ಮಾಡಿದ ತಡಕ್ಕ ಅಳತಿ ಬ್ಯಾಡೇನು? ಕೂಲಿ ಹಿಂಗೇ ತಡ ಆದ್ರ ಮುಂದಿನ ಬ್ಯಾಸಿಗ್ಯಾಗ ಆಕಿ ಕೆರಿ ಕಡಿ ಹೋಗಂಗಿಲ್ಲ, ಗಂಟು ಕಟ್ಕೊಂಡು ಬೆಂಗಳೂರು ಬಸ್ಸು ಹತ್ತತಾಳ. ಅಲ್ಲಿ ಮೇಸ್ತ್ರಿ ಶನಿವಾರಕ್ಕ ರೊಕ್ಕ ಕೊಡ್ತಾನ. ಹುಡುಗರ ಸಾಲಿ ಬಿಡ್ತಾದ.

ಅರ್ಜಿ ಒಯ್ಯೋ ಮುಂಚೆ ಒಂದ್ ಕೆಲಸ ಮಾಡ್ರಿ. 2024ರ ಜನವರಿಯಿಂದ ಕೂಲಿ ಆಧಾರದ ಮ್ಯಾಲೇ ಬರ್ತಾದ. ಆಧಾರ ಕಡೀಗೆ ಯಾವ ಬ್ಯಾಂಕಿಗೆ ಜೋಡ್ಸಿರ್ತೀರೋ ಆ ಖಾತೆಗೆ ಬೀಳ್ತಾದ, ನೀವು ಅನ್ಕೊಂಡ ಖಾತೆಗೆ ಅಲ್ಲ. ಸಂಘದ ಸಾಲಕ್ಕಂತ ಬ್ಯಾರೆ ಬ್ಯಾಂಕಿನಾಗ ಖಾತೆ ತಗದಿದ್ರ ಅದರ ಪಾಸ್‌ಬುಕ್ಕೂ ಹೊಡಿಸಿ ನೋಡ್ರಿ. ಅಲ್ಲೂ ಇಲ್ಲಂದ್ರ ಅರ್ಜಿ ಎರಡು ಪ್ರತಿ ಮಾಡ್ರಿ. ಒಂದ್ ಟಪಾಲಿನಾಗ ಕೊಟ್ಟು, ಇನ್ನೊಂದರ ಮ್ಯಾಲ ಸಿಕ್ಕಾ, ತಾರೀಖು, ಆವಕ ನಂಬರ್ ಹಾಕಿಸ್ಕೊಂಡೇ ಮೆಟ್ಟಲಾ ಇಳೀರಿ. ಏಳು ದಿನ ಎಣಿಸ್ರಿ. ಉತ್ತರ ಬರಲಿಲ್ಲಂದ್ರ ಅದೇ ಸಿಕ್ಕಾ ಇದ್ದ ಪ್ರತಿ ತಗೊಂಡು ಜಿಲ್ಲಾದ ಓಂಬುಡ್ಸ್‌ಮನ್ ಹತ್ರ ಹೋಗ್ರಿ. ಸಿಕ್ಕಾ ಇಲ್ಲದ ಅರ್ಜಿ ಕೊಟ್ಟಂಗೇ ಅಲ್ಲ.

ಐವತ್ತೊಂದು ರೂಪಾಯಿಗೆ ಇಷ್ಟೆಲ್ಲಾ ಯಾಕಂತೀರೇನು? ಆಕಿ ಜೋಡಿ ಆ ಕೆರ್ಯಾಗ ಮಣ್ಣು ಹೊತ್ತವರು ಇನ್ನಾ ಅದಾರ, ಒಬ್ಬೊಬ್ಬರದೂ ಹಿಂಗೇ ನಿಂತಾದ. ಲೆಕ್ಕದಾಗ ಸೊನ್ನೆ ಅಂತ ಇದ್ರ ತಡಾನೇ ಆಗಿಲ್ಲಂತ ಅರ್ಥ. ತಡಾನೇ ಆಗಿಲ್ಲಂದ್ರ ಮುಂದಿನ ವರ್ಷ ಲಗೂನ ಯಾಕ ಕಳಸ್ತಾರ? ಆ ಸೊನ್ನೆ ಅಳಿಸಿ 46 ಅಂತ ಬರ್ಸೋದೇ ಈ ಅರ್ಜಿ ಕೆಲಸ.