ಲೆಕ್ಕದ ಮೂಲೆ: ನಾಲ್ಕು ಮುಚ್ಚಳ, 15 ನಡೆ

ಒಂದು ಶುಕ್ರವಾರ ಊಟ ಮುಗಿದ ಮೇಲೆ ನಮ್ಮ ರೂಮಿನಲ್ಲಿ ಇಸ್ಪೀಟು ಬಿಟ್ಟು ಪಾತ್ರೆಯ ಮುಚ್ಚಳ ಹಿಡಿದು ಕೂತೆವು. ನೆಲದ ಮೇಲೆ ಮೂರು ಪೇಪರ್ ಹಾಸಿ ಅ, ಬ, ಕ ಎಂದು ಹೆಸರಿಟ್ಟೆವು. 'ಅ' ಮೇಲೆ ನಾಲ್ಕು ಮುಚ್ಚಳ: ದೊಡ್ಡದು ಅಡಿಯಲ್ಲಿ, ಚಿಕ್ಕದು ತುದಿಯಲ್ಲಿ. ಎಲ್ಲವನ್ನೂ 'ಕ'ಗೆ ಸಾಗಿಸಬೇಕು. ಒಂದು ಸಲಕ್ಕೆ ಮೇಲಿನ ಒಂದೇ ಮುಚ್ಚಳ ಎತ್ತಬೇಕು. ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಇದೇ 'ಹನೋಯ್ ಗೋಪುರ'. ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾ 1883ರಲ್ಲಿ ಹೊರತಂದ ಆಟ.

ಒಬ್ಬರು 21 ನಡೆಗಳಲ್ಲಿ ಮುಗಿಸಿದರು, ಇನ್ನೊಬ್ಬರು 15ರಲ್ಲಿ. 14ರಲ್ಲಿ ಆಗುತ್ತದೆಯೇ? ಚಹಾದ ಪಂದ್ಯ ಬಿತ್ತು.

ಆಡಿ ನೋಡಿದರೆ ಇದು ತೀರ್ಮಾನವಾಗುವುದಿಲ್ಲ. ಆಗದಿದ್ದರೆ 'ನಮಗೆ ಹೊಳೆಯಲಿಲ್ಲ' ಎಂದಷ್ಟೇ ಅರ್ಥ. ಆದ್ದರಿಂದ ಅಡಿಯ ಮುಚ್ಚಳವನ್ನು ನೋಡಿದೆವು. ಅದು ಒಮ್ಮೆಯಾದರೂ 'ಅ' ಬಿಟ್ಟು ಏಳಲೇಬೇಕು. ಏಳುವಾಗ ಅದರ ಮೇಲೆ ಏನೂ ಇರಬಾರದು, ಅದು ಹೋಗಿ ಕೂರುವ ಪೇಪರೂ ಖಾಲಿ ಇರಬೇಕು. ಅಂದರೆ ಉಳಿದ ಮೂರೂ ಮುಚ್ಚಳ ಮಿಕ್ಕ ಒಂದೇ ಪೇಪರಿನ ಮೇಲೆ ಗೋಪುರವಾಗಿ ನಿಂತಿರಬೇಕು. ಅಷ್ಟಕ್ಕೇ ಮೂರು ಮುಚ್ಚಳದ ಇಡೀ ಆಟ ಮುಗಿದಿರಬೇಕು. ದೊಡ್ಡದು ಸಾಗಲು ಕನಿಷ್ಠ ಒಂದು ನಡೆ. ಅದು 'ಕ'ದಲ್ಲಿ ಕೂತ ಮೇಲೆ ಮೂರನ್ನೂ ಅದರ ಮೇಲಕ್ಕೆ ತರಲು ಮತ್ತೊಮ್ಮೆ ಮೂರರ ಆಟ. ಈ ಮೂರು ಭಾಗಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಹಾಗಾಗಿ ನಾಲ್ಕರ ಉತ್ತರ ಎಂದರೆ ಮೂರರ ಉತ್ತರದ ಎರಡು ಪಟ್ಟು, ಮೇಲೊಂದು. ಮೂರಕ್ಕೆ ಎಷ್ಟು? ಎರಡರದ್ದನ್ನು ಕೇಳಿ. ಎರಡಕ್ಕೆ? ಒಂದರದ್ದನ್ನು ಕೇಳಿ. ಒಂದಕ್ಕೆ ಒಂದೇ ನಡೆ. ಅಲ್ಲಿ ಪ್ರಶ್ನೆ ನಿಲ್ಲುತ್ತದೆ. ಹಿಂದಿರುಗಿ ಬಂದರೆ 1, 3, 7, 15. ಪ್ರತಿಯೊಂದಕ್ಕೂ ಒಂದು ಕೂಡಿಸಿ ನೋಡಿ: 2, 4, 8, 16. ಆದ್ದರಿಂದ n ಮುಚ್ಚಳಕ್ಕೆ 2ⁿ − 1 ನಡೆ. ಹೀಗೆ ಅದೇ ಪ್ರಶ್ನೆಯನ್ನು ಚಿಕ್ಕದು ಮಾಡಿ ಮತ್ತೆ ಕೇಳುವುದನ್ನೇ ಕಂಪ್ಯೂಟರ್ ಓದಿದವರು ರಿಕರ್ಷನ್ ಎನ್ನುತ್ತಾರೆ.

21 ನಡೆ ತೆಗೆದುಕೊಂಡವರು ಎಡವಿದ್ದು ಮೊದಲ ನಡೆಯಲ್ಲೇ. ಅದಕ್ಕೂ ಇದೇ ದಾರಿ ಉತ್ತರ ಕೊಡುತ್ತದೆ. ನಾಲ್ಕು 'ಕ'ಗೆ ಹೋಗಬೇಕಾದರೆ ಮೇಲಿನ ಮೂರು 'ಬ'ಗೆ ಹೋಗಬೇಕು. ಅದಕ್ಕೆ ಮೇಲಿನ ಎರಡು 'ಕ'ಗೆ. ಅದಕ್ಕೆ ತುದಿಯದು 'ಬ'ಗೆ. ಅವರು ತುದಿಯದನ್ನು ನೇರ 'ಕ'ಗೆ ಇಟ್ಟಿದ್ದರು. ಮುಚ್ಚಳಗಳು ಸಮಸಂಖ್ಯೆಯಲ್ಲಿದ್ದರೆ ಮೊದಲ ನಡೆ ನಡುವಿನ ಪೇಪರಿಗೆ, ಬೆಸವಾದರೆ ನೇರ ಗುರಿಗೆ.

ಈ ಆಟದ ಜೊತೆ ಬಂದ ಕಟ್ಟುಕತೆಯಲ್ಲಿ 64 ಚಿನ್ನದ ಬಿಲ್ಲೆಗಳಿವೆ. ಅವೆಲ್ಲ ಸಾಗಿದ ದಿನ ಲೋಕವೇ ಮುಗಿಯುತ್ತದಂತೆ. ಸೆಕೆಂಡಿಗೊಂದು ನಡೆಯಂತೆ ನಿಲ್ಲದೆ ಆಡಿದರೂ ಅದಕ್ಕೆ ಸುಮಾರು 58,500 ಕೋಟಿ ವರ್ಷ ಬೇಕು. 14ರ ಪರ ಪಂದ್ಯ ಕಟ್ಟಿದವರು ಮಾತ್ರ ಅಂದೇ ಸಂಜೆ ಎಲ್ಲರಿಗೂ ಚಹಾ ಕಾಯಿಸಿ ಕೊಟ್ಟರು.