‘ಇನ್ನಾ ಆಗಿಲ್ಲ’ ಅಂದ್ರ ‘ಆಗಂಗಿಲ್ಲ’ ಅಂತ ಅಲ್ಲ

ಕಸ್ಟಮರ್ ಸಪೋರ್ಟ್ ಟೀಮುಗಳಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ‘ಬೇರೆ ಭಾಷೆಯ ಸ್ಕ್ರೀನ್‌ಶಾಟ್ ಬಂದ್ರೆ ಟ್ರಾನ್ಸ್‌ಲೇಟ್ ಮಾಡು, ರಿಜೆಕ್ಟ್ ಅಂತ ಇದ್ರೆ ಸಾರಿ ಹೇಳು, ಟಿಕೆಟ್ ಕ್ಲೋಸ್ ಮಾಡು.’ ಈ ಮಾತು ತಪ್ಪು. ಅದರಿಂದ ಜನರ ದುಡ್ಡು ಹೋಗುತ್ತದೆ. ಹೇಗೆ ಹೋಗುತ್ತದೆ ಅಂತ ಒಂದೇ ಒಂದು ಟಿಕೆಟ್ ಬಿಡಿಸಿ ತೋರಿಸುತ್ತೇನೆ.

ನಾನು ಮುದ್ದೇಬಿಹಾಳದವನು, ಬೆಂಗಳೂರಿನಲ್ಲಿ ಟ್ರಾವೆಲ್ ಬುಕಿಂಗ್ ಕಂಪನಿಯೊಂದರ ಸಪೋರ್ಟ್ ಟೀಮಿನಲ್ಲಿದ್ದೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಟಿಕೆಟ್ ಬಂದರೆ ಅದು ಹೇಗೋ ನನ್ನ ಟೇಬಲ್ಲಿಗೇ ಬರುತ್ತದೆ. ಆ ಕಡೆಯವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಆ ಕನ್ನಡ ಬೆಂಗಳೂರಿನವರಿಗೆ ಅರ್ಧ ಅರ್ಥವಾಗುವುದಿಲ್ಲ. ಈ ಟಿಕೆಟ್ ಸಿಂದಗಿಯದು. ಮನೆಯ ನಾಲ್ಕು ಜನ ಜುಲೈನಲ್ಲಿ ವಿಯೆಟ್ನಾಂಗೆ ಹೋಗಿದ್ದರು. ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ದಿನದ ಬೋಟ್ ಟ್ರಿಪ್ ಬುಕ್ ಮಾಡಿದ್ದರು. ಹವಾಮಾನ ಕೆಟ್ಟಿತು, ಬೋಟ್ ಹೊರಡಲಿಲ್ಲ. ದುಡ್ಡು ವಾಪಸ್ ಕೇಳಿದರೆ ಅಲ್ಲಿನ ಬೋಟಿನವರು ವಿಯೆಟ್ನಾಮಿ ಭಾಷೆಯಲ್ಲೊಂದು ಮೆಸೇಜ್ ಹಾಕಿದರು. ಅದರ ಫೋಟೊ ಲಗತ್ತಿಸಿ ನಮಗೆ ಬರೆದಿದ್ದು ಇಷ್ಟೇ: ‘ಸರ, ಇದರಾಗ ಏನ್ ಬರದಾರ ನೋಡಿ ಹೇಳ್ರಿ. ರೊಕ್ಕಾ ಬರ್ತೈತೋ ಇಲ್ಲೋ?’

ಮೆಸೇಜ್ ಮೂರು ಸಾಲಿನದು:

Yêu cầu hoàn tiền của quý khách chưa được chấp nhận.
Lý do: quý khách đã tự nguyện hủy dịch vụ.
Số tiền 5.200.000đ được bảo lưu đến hết ngày 05/09.

ಟೀಮಿನ ಒಬ್ಬರು ಆಗಲೇ ಒಂದು ಉತ್ತರ ತಯಾರು ಮಾಡಿಟ್ಟಿದ್ದರು: ‘ನಿಮ್ಮ ರೀಫಂಡ್ ತಿರಸ್ಕೃತವಾಗಿದೆ. ಕ್ರೆಡಿಟ್ ಅವಧಿಯೂ ಮುಗಿದಿದೆ. ತೊಂದರೆಗೆ ವಿಷಾದಿಸುತ್ತೇವೆ.’ ನೋಡಲು ಸಭ್ಯವಾಗಿದೆ. ಆದರೆ ಮೂರು ಸಾಲಿನ ಒಂದೊಂದರಲ್ಲೂ ಒಂದೊಂದು ವಿಷಯ ಕಳೆದುಹೋಗಿದೆ.

ಮೊದಲ ಸಾಲು ತಗೊಳ್ಳಿ. ಅಲ್ಲಿರುವ ಪದ chưa. ವಿಯೆಟ್ನಾಮಿಯಲ್ಲಿ ‘ಇಲ್ಲ’ ಅನ್ನಲು không ಇದೆ, ‘ಇನ್ನೂ ಇಲ್ಲ’ ಅನ್ನಲು chưa ಇದೆ. ಬೆಂಗಳೂರಿನ ಇಂಗ್ಲಿಷಿನಲ್ಲಿ ಎರಡೂ ‘ನಾಟ್’ ಆಗಿಬಿಡುತ್ತವೆ. ನಮ್ಮ ಕಡೆಯ ಕನ್ನಡದಲ್ಲಿ ಆಗುವುದಿಲ್ಲ. ‘ಇನ್ನಾ ಆಗಿಲ್ಲ’ ಬೇರೆ, ‘ಆಗಂಗಿಲ್ಲ’ ಬೇರೆ. ಇಂಡಿಯ ಲಿಂಬೆ ಬೆಳೆಗಾರನಿಗೆ ವ್ಯಾಪಾರಿ ‘ಇನ್ನಾ ರೇಟ್ ಕಟ್ಟಿಲ್ಲ’ ಅಂದರೆ ಆತ ಚೀಲ ಹೊತ್ತು ಮನೆಗೆ ಹೋಗುವುದಿಲ್ಲ, ಅಲ್ಲೇ ಕೂಡುತ್ತಾನೆ. ಬೋಟಿನವರು ಬರೆದಿದ್ದು ‘ನಿಮ್ಮ ಅರ್ಜಿ ಇನ್ನೂ ಒಪ್ಪಿಗೆಯಾಗಿಲ್ಲ’ ಅಂತ. ಅದನ್ನು ‘ತಿರಸ್ಕೃತ’ ಅಂತ ಮಾಡಿದ್ದು ನಮ್ಮ ಟೀಮು.

ಇಲ್ಲಿ ಅತಿಯಾಸೆಯೂ ಬೇಡ. chưa ಕೆಲವೊಮ್ಮೆ ಮರ್ಯಾದೆಯ ‘ಇಲ್ಲ’ ಕೂಡ ಹೌದು. ಮುಖದ ಮೇಲೆ ಹೊಡೆದಂತೆ không ಅನ್ನುವ ಬದಲು ಹಾಗೆ ಬರೆಯುತ್ತಾರೆ. ಯಾವುದು ಅಂತ ಗುರುತಿಸುವುದು ಅದರ ಜೊತೆಗಿರುವ ಮಾತಿನಿಂದ. ‘ಇಂಥ ದಾಖಲೆ ಸೇರಿಸಿ ಕಳಿಸಿ’ ಅಂತ, ಅಂದರೆ vui lòng bổ sung ಅಂತ ಇದ್ದರೆ ಬಾಗಿಲು ನಿಜಕ್ಕೂ ತೆರೆದಿದೆ. ಅಂಥದ್ದೇನೂ ಇಲ್ಲದೆ ಬರೀ ಕಾರಣ ಕೊಟ್ಟಿದ್ದರೆ, ಆ ಕಾರಣವನ್ನು ಒಡೆಯದೆ ಬಾಗಿಲು ತೆರೆಯುವುದಿಲ್ಲ. ನಮ್ಮ ಟಿಕೆಟ್ಟು ಈ ಎರಡನೇ ಜಾತಿಯದು. ಹಾಗಾಗಿ ಗ್ರಾಹಕರಿಗೆ ‘ದುಡ್ಡು ಬರುತ್ತೆ ಬಿಡ್ರಿ’ ಅಂತಲೂ ಹೇಳುವಂತಿಲ್ಲ.

ಜಗಳ ಇರುವುದು ಎರಡನೇ ಸಾಲಿನಲ್ಲಿ. tự nguyện hủy ಅಂದರೆ ‘ಸ್ವಂತ ಇಚ್ಛೆಯಿಂದ ರದ್ದು ಮಾಡಿದ್ದೀರಿ’. ಇದು ಸುಮ್ಮನೆ ಉದುರಿದ ಪದವಲ್ಲ. ಟಿಕೆಟ್ ವ್ಯವಹಾರದಲ್ಲಿ ಎಲ್ಲ ಕಡೆಯೂ ಎರಡು ಖಾನೆ ಇರುತ್ತವೆ: ಗ್ರಾಹಕ ತಾನಾಗಿ ಬಿಟ್ಟದ್ದು, ಸೇವೆ ಕೊಡುವವನು ಕೈಬಿಟ್ಟದ್ದು. ಮೊದಲನೆಯ ಖಾನೆಗೆ ಬಿದ್ದರೆ ದುಡ್ಡು ಕಡಿತವಾಗುತ್ತದೆ ಅಥವಾ ಬರುವುದೇ ಇಲ್ಲ. ಎರಡನೆಯದಾದರೆ ಕೇಳುವ ಹಕ್ಕು ಗಟ್ಟಿ. ಇಡೀ ರೀಫಂಡು ನಿಂತಿರುವುದು ಈ ಒಂದು ಪದದ ಮೇಲೆ, ಮತ್ತು ತಯಾರಾಗಿದ್ದ ಉತ್ತರದಲ್ಲಿ ಅದು ಇಲ್ಲವೇ ಇಲ್ಲ.

ಹಾಗಾದರೆ ಸಿಂದಗಿಯವರು ತಾವಾಗಿ ರದ್ದು ಮಾಡಿದರಾ? ಹಿಂದಿನ ಮೆಸೇಜುಗಳನ್ನೂ ಕಳಿಸಿ ಅಂತ ಕೇಳಿದೆ. ಟ್ರಿಪ್ಪಿನ ಹಿಂದಿನ ದಿನ ಬೋಟಿನವರೇ ಒಂದು ಸಾಲು ಹಾಕಿದ್ದರು: Chuyến đi bị hoãn do thời tiết. ಹವಾಮಾನದಿಂದಾಗಿ ಟ್ರಿಪ್ ಮುಂದೂಡಲಾಗಿದೆ. ಮರುದಿನ ಸಂಜೆ ಇವರಿಗೆ ವಾಪಸ್ ವಿಮಾನ. ಮುಂದಿನ ದಿನಾಂಕ ಇವರ ಉಪಯೋಗಕ್ಕೆ ಬರುವಂತಿರಲಿಲ್ಲ. ಆ್ಯಪಿನಲ್ಲಿ ಇದ್ದದ್ದು ಎರಡೇ ಬಟನ್ನು, ದಿನಾಂಕ ಬದಲಿಸಿ ಮತ್ತು ರದ್ದು ಮಾಡಿ. ಎರಡನೆಯದನ್ನು ಒತ್ತಿದರು. ಒತ್ತಿದ ಕ್ಷಣಕ್ಕೆ ಸಿಸ್ಟಮ್ಮು ಅವರನ್ನು ‘ಸ್ವಇಚ್ಛೆ’ಯ ಖಾನೆಗೆ ಹಾಕಿತು. ಮೊದಲು ಕೈಬಿಟ್ಟವರು ಬೋಟಿನವರು, ಹಣೆಪಟ್ಟಿ ಅಂಟಿದ್ದು ಗ್ರಾಹಕರಿಗೆ.

ಈ ಹಳೆಯ ಮೆಸೇಜಿನಲ್ಲಿ ಒಂದು ಸೂಕ್ಷ್ಮ ಇದೆ. hoãn ಅಂದರೆ ಮುಂದೂಡುವುದು, hoàn ಅಂದರೆ ಮರಳಿಸುವುದು. ವ್ಯತ್ಯಾಸ ಇರುವುದು a ಮೇಲಿನ ಗುರುತಿನಲ್ಲಿ ಮಾತ್ರ. ವಾಟ್ಸಾಪಿನಲ್ಲಿ ಫೋಟೊ ಕುಗ್ಗಿ ಬಂದಾಗ ಈ ಗುರುತು ಕಣ್ಣಿಗೂ ಕಾಣುವುದಿಲ್ಲ, ಅನುವಾದದ ಆ್ಯಪಿಗೂ ಸಿಗುವುದಿಲ್ಲ, ಆಗ ‘ಟ್ರಿಪ್ ಮುಂದೂಡಿದೆ’ ಅನ್ನುವುದು ‘ಟ್ರಿಪ್ ಮರಳಿಸಿದೆ’ ಎಂಬ ಅರ್ಥವಿಲ್ಲದ ಮಾತಾಗಿ ಹೊರಬರುತ್ತದೆ. ಪಕ್ಕದ ಪದ ನೋಡಿದರೆ ಗೊತ್ತಾಗುತ್ತದೆ. ದುಡ್ಡು ಅಂದರೆ tiền ಜೊತೆಗಿದ್ದರೆ ಅದು ಮರಳಿಸುವ hoàn, ಪ್ರಯಾಣ ಅಂದರೆ chuyến ಜೊತೆಗಿದ್ದು ನಡುವೆ bị ಬಂದಿದ್ದರೆ ಅದು ಮುಂದೂಡಿದ hoãn. ಅದಕ್ಕಿಂತ ಸುಲಭದ ದಾರಿ, ಚಾಟಿನ ಅಕ್ಷರವನ್ನೇ ಕಾಪಿ ಮಾಡಿ ಕಳಿಸಲು ಗ್ರಾಹಕರನ್ನು ಕೇಳುವುದು. ಎರಡು ನಿಮಿಷದ ಕೆಲಸ. ಆದರೆ ನಮ್ಮಲ್ಲಿ ಟಿಕೆಟ್ ಮುಚ್ಚಿದ ವೇಗಕ್ಕೆ ಅಂಕ ಕೊಡುತ್ತಾರೆ, ಪ್ರಶ್ನೆ ಕೇಳಿದ್ದಕ್ಕೆ ಕೊಡುವುದಿಲ್ಲ.

ಮೂರನೇ ಸಾಲಿನ bảo lưu ಅನ್ನುವುದು ‘ನಿಮ್ಮ ಹೆಸರಲ್ಲಿ ಇಟ್ಟಿದ್ದೇವೆ’ ಅನ್ನುವ ಮಾತು. ದುಡ್ಡು ಮುಳುಗಿಲ್ಲ, ಮರಳಿಯೂ ಇಲ್ಲ. ಅವರ ಹತ್ತಿರವೇ ಇನ್ನೊಮ್ಮೆ ಖರ್ಚು ಮಾಡಲು ಜಮಾ ಇದೆ. 5.200.000 ಅನ್ನುವಲ್ಲಿ ಚುಕ್ಕೆ ದಶಾಂಶದ್ದಲ್ಲ, ನಮ್ಮ ಅಲ್ಪವಿರಾಮದ ಜಾಗದಲ್ಲಿ ಅವರು ಚುಕ್ಕೆ ಇಡುತ್ತಾರೆ. ಐವತ್ತೆರಡು ಲಕ್ಷ ಡಾಂಗ್, ಅಂದರೆ ಹೆಚ್ಚುಕಡಿಮೆ 17-18 ಸಾವಿರ ರೂಪಾಯಿ. ದಿನಾಂಕವನ್ನು ಅವರೂ ನಮ್ಮ ಹಾಗೆ ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತಾರೆ. 05/09 ಅಂದರೆ ಸೆಪ್ಟೆಂಬರ್ 5. ನಮ್ಮ ಟಿಕೆಟ್ ಸಾಫ್ಟ್‌ವೇರು ಅಮೆರಿಕದ ಪದ್ಧತಿಯಲ್ಲಿ ಓದಿ ಮೇ 9 ಮಾಡಿತ್ತು. ಜುಲೈನ ಟ್ರಿಪ್ಪಿನ ಕ್ರೆಡಿಟ್ಟು ಮೇನಲ್ಲೇ ಮುಗಿಯುವುದು ಹೇಗೆ ಅಂತ ಯಾರೂ ಕೇಳಲಿಲ್ಲ.

ಇಷ್ಟು ಗೊತ್ತಾದ ಮೇಲೆ ಹೋದ ಉತ್ತರ ಇದು:

‘ನಮಸ್ಕಾರ ರೀ. ಮೆಸೇಜಿನಲ್ಲಿ ಮೂರು ಮಾತು ಇವೆ. ಒಂದು, ನಿಮ್ಮ ರೀಫಂಡ್ ಅರ್ಜಿ ಇನ್ನೂ ಒಪ್ಪಿಗೆಯಾಗಿಲ್ಲ. ಎರಡು, ನೀವೇ ಇಚ್ಛೆಯಿಂದ ರದ್ದು ಮಾಡಿದಿರಿ ಅನ್ನುವುದು ಅವರು ಕೊಟ್ಟ ಕಾರಣ. ಮೂರು, 52 ಲಕ್ಷ ಡಾಂಗ್ ಸೆಪ್ಟೆಂಬರ್ 5ರ ತನಕ ನಿಮ್ಮ ಹೆಸರಲ್ಲಿ ಜಮಾ ಇದೆ. ಎರಡನೇ ಮಾತು ಸರಿಯಲ್ಲ. ಹಿಂದಿನ ದಿನ ಅವರೇ ಟ್ರಿಪ್ ಮುಂದೂಡಿದ ಮೆಸೇಜನ್ನು ಲಗತ್ತಿಸಿ ನಾವು ಇವತ್ತು ಅವರಿಗೆ ಬರೆದಿದ್ದೇವೆ. ಆ ಪತ್ರದ ಪ್ರತಿ ಕೆಳಗಿದೆ. ಉತ್ತರ ಬರುವ ತನಕ ಜಮಾ ಇರುವ ದುಡ್ಡನ್ನು ಬಳಸಬೇಡಿ, ಬಳಸಿದರೆ ನೀವು ಒಪ್ಪಿದಿರಿ ಅಂತ ಅವರು ವಾದಿಸಬಹುದು. ದುಡ್ಡು ಬಂದೇ ಬರುತ್ತದೆ ಅಂತ ಈಗ ಹೇಳಲು ಆಗದು. ಏಳು ದಿನದೊಳಗೆ ಏನಾಯಿತು ಅಂತ ನಾನೇ ಬರೆಯುತ್ತೇನೆ.’

ಬೋಟಿನವರಿಗೆ ಹೋದ ಪತ್ರದ ಮುಖ್ಯ ಸಾಲು ಇಷ್ಟೇ: Chuyến bị hoãn do bên cung cấp, không phải khách tự nguyện hủy. ಮುಂದೂಡಿದ್ದು ಸೇವೆ ಕೊಡುವವರು, ಗ್ರಾಹಕರು ಸ್ವಇಚ್ಛೆಯಿಂದ ರದ್ದು ಮಾಡಿದ್ದಲ್ಲ. ಅವರದೇ ಪದ, ಅವರದೇ ಖಾನೆ, ಅವರದೇ ಹಳೆಯ ಮೆಸೇಜು ಸಾಕ್ಷಿ. ‘ದಯವಿಟ್ಟು ಮರುಪರಿಶೀಲಿಸಿ’ ಅಂತ ಇಂಗ್ಲಿಷಿನಲ್ಲಿ ಹತ್ತು ಸಲ ಬರೆಯುವುದಕ್ಕಿಂತ ಈ ಒಂದು ಸಾಲಿಗೆ ತೂಕ ಹೆಚ್ಚು, ಯಾಕೆಂದರೆ ಅದು ಅವರು ಕೊಟ್ಟ ಕಾರಣಕ್ಕೇ ಉತ್ತರ ಕೊಡುತ್ತದೆ.

ಇದಕ್ಕೆ ಆಫೀಸಿನಲ್ಲಿ ಬಂದ ಆಕ್ಷೇಪ ಎರಡು. ಒಂದು, ‘ನಾವು ಬರೀ ಮಧ್ಯವರ್ತಿ, ನಿರ್ಧಾರ ಅವರದು.’ ನಿರ್ಧಾರ ಅವರದೇ ಇರಬಹುದು, ಉತ್ತರದ ಹೊಣೆ ನಮ್ಮದು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಬೇರೆಯವರ ಸೇವೆಯನ್ನು ಮಾರಿಕೊಡುವ ವೇದಿಕೆಗಳಿಗೂ ಇದು ಅನ್ವಯ. ಭಾರತದಲ್ಲಿ ಕಚೇರಿ ಇಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ಕಂಪನಿಗಳನ್ನೂ ಈ ನಿಯಮಗಳು ಬಿಟ್ಟಿಲ್ಲ.

ಎರಡನೇ ಆಕ್ಷೇಪವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ: ‘ಸಿಂದಗಿಯವರು ಏನು ಮಾಡಿಯಾರು, ಬಿಡು.’ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಕಲಮು ದೂರುದಾರ ತಾನು ವಾಸವಿರುವ ಜಾಗದಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. ಕಂಪನಿ ಬೆಂಗಳೂರಿನಲ್ಲಿದೆ ಅಂತ ಇಲ್ಲಿಗೆ ಅಲೆಯಬೇಕಿಲ್ಲ. ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗ ಸಾಕು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಆಯೋಗದ ಮುಂದೆ ಕೂತಾಗ ನಮ್ಮ ‘ತಿರಸ್ಕೃತವಾಗಿದೆ, ಅವಧಿ ಮುಗಿದಿದೆ’ ಎಂಬ ಉತ್ತರ ಮತ್ತು ಆ ಮೂರು ಸಾಲಿನ ಸರಿಯಾದ ಅನುವಾದ ಅಕ್ಕಪಕ್ಕ ಇಟ್ಟರೆ ನಮ್ಮ ವಕೀಲರು ಏನು ಹೇಳುತ್ತಾರೆ ಅಂತ ನನಗೂ ಕುತೂಹಲ ಇದೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಬೇರೆ ಭಾಷೆಯ ತಿರಸ್ಕಾರ ಬಂದಾಗ ಮೂಲದ ಸಾಲು, ಅದರ ಕೆಳಗೆ ಅನುವಾದ, ಅದರ ಕೆಳಗೆ ಅವರು ಕೊಟ್ಟ ಕಾರಣ ನಿಜವೋ ಸುಳ್ಳೋ ಎಂಬ ನಮ್ಮ ಮಾತು, ಈ ಮೂರೂ ಉತ್ತರದಲ್ಲಿ ಇರಲಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಟಿಕೆಟ್ ಕ್ಲೋಸ್ ಮಾಡುವ ಬಟನ್ನು ಕೆಲಸ ಮಾಡಬಾರದು. ನೀವು ಗ್ರಾಹಕರ ಜಾಗದಲ್ಲಿದ್ದರೆ, ‘ರಿಜೆಕ್ಟ್ ಆಗಿದೆ’ ಅಂತ ಹೇಳಿದವರನ್ನು ಒಂದೇ ಪ್ರಶ್ನೆ ಕೇಳಿ: ‘ಯಾವ ಕಾರಣಕ್ಕ ಅಂತ ಬರದಾರ, ಆ ಸಾಲು ತೋರಸ್ರಿ.’