ಜಾಹೀರಾಗದ ಜಾಹೀರಾತು

ಜಾಹೀರಾತು ಎಂಬ ಪದದ ಬೇರು ಅರಬಿಯ 'ಜಾಹಿರ್'ನಲ್ಲಿದೆ. ಬಹಿರಂಗವಾದದ್ದು, ಕಣ್ಣಿಗೆ ಕಾಣುವಂಥದ್ದು ಎಂದು ಅದರ ಅರ್ಥ. ಹುಬ್ಬಳ್ಳಿ-ಧಾರವಾಡದ ಮೊಬೈಲುಗಳಲ್ಲಿ ಓಡಾಡುವ ಊಟ-ತಿಂಡಿಯ ಎಷ್ಟೋ ವಿಡಿಯೊಗಳು ಈ ಅರ್ಥಕ್ಕೇ ಮೋಸ ಮಾಡುತ್ತಿವೆ.

ಒಂದು ನಮೂನೆ ನೋಡೋಣ. ಹೊಟೇಲೊಂದು 45 ಸೆಕೆಂಡಿನ ವಿಡಿಯೊಗೆ ಹಣ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಕೆಳಗಿನ ಬರಹ ಹೀಗಿರುತ್ತದೆ: "ದೋಸ್ತ್ರ, ನಿನ್ನೆ ರಾತ್ರಿ ಅಡ್ಡಾಡ್ಕೋತ ಹೊಂಟಾಗ ಈ ಹೊಟೇಲ್ ಕಣ್ಣಿಗೆ ಬಿತ್ತು. ಇಂಥಾ ಬಿರಿಯಾನಿ ಹುಬ್ಬಳ್ಳ್ಯಾಗ ಇನ್ನೆಲ್ಲೂ ಇಲ್ಲ!" ಕೊನೆಯಲ್ಲಿ, ಹತ್ತಾರು ಹ್ಯಾಶ್‌ಟ್ಯಾಗುಗಳ ಸಂದಿಯಲ್ಲಿ, `#collab`.

ಇಲ್ಲಿ ಮೊದಲ ಸುಳ್ಳು ಬಿರಿಯಾನಿಯ ಹೊಗಳಿಕೆಯಲ್ಲ, "ಕಣ್ಣಿಗೆ ಬಿತ್ತು" ಎಂಬ ಮಾತು. ಕರೆಸಿಕೊಂಡು ಹೋದವನು ತಾನಾಗಿ ಕಂಡವನಂತೆ ನಟಿಸುತ್ತಾನೆ. ಎರಡನೆಯದು ಬಚ್ಚಿಟ್ಟ ಗುರುತು. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಎಎಸ್‌ಸಿಐ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಗುರುತು ಬರಹದ ಮೊದಲ ಎರಡು ಸಾಲಿನೊಳಗೆ ಕಾಣಬೇಕು, ಹ್ಯಾಶ್‌ಟ್ಯಾಗುಗಳಲ್ಲಿ ಹೂತುಹೋಗಬಾರದು. 15 ಸೆಕೆಂಡಿಗಿಂತ ದೊಡ್ಡದಾಗಿ ಎರಡು ನಿಮಿಷದೊಳಗಿರುವ ವಿಡಿಯೊದಲ್ಲಿ ಅದು ಮೂರನೇ ಒಂದು ಪಾಲು ಹೊತ್ತು ಇರಬೇಕು. ನಮ್ಮ ನಮೂನೆಗೆ, 15 ಸೆಕೆಂಡು. ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ, ಜಾಹೀರಾತಿನ ಭಾಷೆಯಲ್ಲೇ ಇರಬಹುದು.

"ಹಾಗೆ ಬರೆದರೆ ಮಾತಿನ ಸಹಜತೆ ಹೋಗುತ್ತದೆ, ಯಾರೂ ನಂಬುವುದಿಲ್ಲ" ಎನ್ನುವವರಿದ್ದಾರೆ. ಅದೇ ಬರಹವನ್ನು ತಿದ್ದಿ ನೋಡೋಣ:

"ಜಾಹೀರಾತು: ಈ ವಿಡಿಯೊಕ್ಕ ಹೊಟೇಲಿನವ್ರು ರೊಕ್ಕ ಕೊಟ್ಟಾರ, ಊಟಾನೂ ಅವರ್ದ. ಬಿರಿಯಾನಿ ಒಳಗ ಮಾಂಸ ಚಲೋ ಬೆಂದಿತ್ತು, ಮಸಾಲಿ ಹದ ಇತ್ತು. ಖಾರ ಮಾತ್ರ ಜಾಸ್ತಿ, ಸಣ್ಣ ಹುಡುಗ್ರಿಗೆ ಆಗಂಗಿಲ್ಲ. ಜಾಗಾ ಇಕ್ಕಟ್ಟು; ಮನಿಮಂದಿ ಕರ್ಕೊಂಡು ಹೋಗೂದಿದ್ರ ಮೊದಲ ಫೋನ್ ಮಾಡ್ರಿ."

ಸಹಜತೆ ಎಲ್ಲಿ ಹೋಯಿತು? ಮೊದಲ ಸಾಲು ಕಚೇರಿಯ ಸುತ್ತೋಲೆಯಂತಿಲ್ಲ, ಉಳಿದ ಸಾಲುಗಳ ನಾಲಿಗೆಯಲ್ಲೇ ಇದೆ. 'ಕೊಲ್ಯಾಬ್' ಎಂದರೇನೆಂದು ತಿಳಿಯದ ಅಜ್ಜಿಗೂ 'ರೊಕ್ಕ ಕೊಟ್ಟಾರ' ತಿಳಿಯುತ್ತದೆ. "ಇನ್ನೆಲ್ಲೂ ಇಲ್ಲ" ಎಂಬುದನ್ನು ತೆಗೆದದ್ದು ಅದನ್ನು ಯಾರೂ ಪರೀಕ್ಷಿಸಲಾರರು ಎಂಬ ಕಾರಣಕ್ಕೆ. ಖಾರವನ್ನೂ ಇಕ್ಕಟ್ಟನ್ನೂ ಹೋದವರು ಕಣ್ಣಾರೆ ಪರೀಕ್ಷಿಸಬಹುದು. ನಂಬಿಕೆ ಹುಟ್ಟುವುದು ಅಲ್ಲಿಯೇ.

ಮಾಲೀಕ ಖಾರದ ಸಾಲನ್ನು ತೆಗೆಸಿದರೆ? ಆಗ ಅವನು ಕೊಂಡದ್ದು ನಿಮ್ಮ ಸಮಯವನ್ನಲ್ಲ, ನಾಲಿಗೆಯನ್ನು. ಆ ವಿಡಿಯೊ ಬಿಡುವುದೇ ಲೇಸು.

ಇನ್ನೊಂದು ಮಾತು. 'ಜಾಹೀರಾತು' ಎಂದು ಬರೆದ ಮಾತ್ರಕ್ಕೆ ಸುಳ್ಳು ನಿಜವಾಗದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟವನಿಗಷ್ಟೇ ಅಲ್ಲ, ಹೊಗಳಿದವನಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು. ಉಣ್ಣದ ಊಟವನ್ನು ಹೊಗಳಿ ಮೇಲೆ ಗುರುತು ಅಂಟಿಸುವವರು ಇದನ್ನು ನೆನಪಿಡಲಿ. ರೊಕ್ಕ ತೆಗೆದುಕೊಳ್ಳುವುದು ತಪ್ಪಲ್ಲ. ದುಡಿಮೆಗೆ ಕೂಲಿ ಇರಲೇಬೇಕು. ಕೂಲಿಯನ್ನು ಮುಚ್ಚಿಟ್ಟು ಗೆಳೆಯನ ವೇಷ ಹಾಕುವುದು ತಪ್ಪು.